ಡ್ಯಾಂಪಿಂಗ್ ಫ್ಯಾಕ್ಟರ್ 1000 ಇದ್ದರೆ ವೂಫರ್ ನಿಜಕ್ಕೂ ಹಿಡಿತಕ್ಕೆ ಬರುತ್ತದಾ? ಮನೆಯಲ್ಲೇ ಅಳೆದು ನೋಡಿ

ಆಂಪ್ಲಿಫೈಯರ್ ಕೊಳ್ಳಲು ಹೋದರೆ ಡಬ್ಬದ ಮೇಲೆ ಡ್ಯಾಂಪಿಂಗ್ ಫ್ಯಾಕ್ಟರ್ 200, 500, 1000 ಅಂತ ಬರೆದಿರುತ್ತದೆ. ಸಂಖ್ಯೆ ದೊಡ್ಡದಿದ್ದಷ್ಟೂ ಬೇಸ್ ಬಿಗಿಯಾಗಿರುತ್ತದೆ, ಕೋನ್ ಹೇಳಿದ ಜಾಗದಲ್ಲಿ ನಿಲ್ಲುತ್ತದೆ ಅಂತ ಅಂಗಡಿಯವರೂ ಹೇಳುತ್ತಾರೆ, ಗೆಳೆಯರೂ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿಯಾದರೆ ವೂಫರ್ ಮೇಲಿನ ಹಿಡಿತ ಸಡಿಲ ಆಗುವುದು ಖಂಡಿತ. ಆದರೆ ಆ ಇಂಪೀಡೆನ್ಸ್ ಒಂದು ಮಟ್ಟಕ್ಕಿಂತ ಕಡಿಮೆಯಾದ ಮೇಲೆ ಇನ್ನೆಷ್ಟು ಇಳಿಸಿದರೂ ಕೋನ್‌ಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಡ್ಡ ನಿಂತಿರುವುದು ಆಂಪ್ ಅಲ್ಲ, ವೂಫರ್ ಒಳಗಿನ ವಾಯ್ಸ್ ಕಾಯಿಲ್.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಒಂದು ವೂಫರ್, ಒಂದು ತುಂಡು ವೈರ್, 8.2 ಓಮ್‌ನ 10 ವಾಟ್ ಸಿಮೆಂಟ್ ರೆಸಿಸ್ಟರ್, ಒಂದು ಸುಮಾರಾದ ಮಲ್ಟಿಮೀಟರ್ ಇದ್ದರೆ ಎಲ್ಲವನ್ನೂ ನೀವೇ ಪರೀಕ್ಷೆ ಮಾಡಬಹುದು. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಈ ರೆಸಿಸ್ಟರ್ ಕೇಳಿ. 8.2 ಓಮ್‌ನವೇ ಎರಡು ತೆಗೆದುಕೊಳ್ಳಿ, ವಾಲ್ವ್ ಆಂಪ್ ಇರುವವರಿಗೆ ಎರಡನೆಯದು ಬೇಕಾಗುತ್ತದೆ.

ಮೊದಲು ಬೆರಳಿನಿಂದ ತಟ್ಟಿ

ಸ್ಪೀಕರಿನ ಎರಡೂ ವೈರುಗಳನ್ನು ಆಂಪ್‌ನಿಂದ ಪೂರ್ತಿ ಬಿಚ್ಚಿ. ಇದು ಮುಖ್ಯ, ಯಾಕೆಂದರೆ ಮುಂದೆ ವೂಫರಿನ ಎರಡು ಟರ್ಮಿನಲ್‌ಗಳನ್ನು ಶಾರ್ಟ್ ಮಾಡುತ್ತೇವೆ, ಆಂಪ್ ಸೇರಿಕೊಂಡಿದ್ದರೆ ಅದು ಸುಟ್ಟುಹೋಗಬಹುದು. ಬಿಡಿ ವೂಫರ್ ಇದ್ದರೆ ಒಳ್ಳೆಯದು. ಸ್ಪೀಕರ್ ಡಬ್ಬದಲ್ಲಿ ಕೂರಿಸಿದ್ದರೂ ಪರವಾಗಿಲ್ಲ, ಆದರೆ ಒಳಗೆ ಕ್ರಾಸ್‌ಓವರ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ವೂಫರಿನ ಟರ್ಮಿನಲ್‌ಗೆ ಹೋಗಿ.

ಈಗ ಬೆರಳಿನ ಮೆತ್ತನೆಯ ಭಾಗದಿಂದ ಕೋನನ್ನು ಮೆಲ್ಲಗೆ ತಟ್ಟಿ. ಉಗುರು ತಾಗಬಾರದು. "ದುಂಮ್" ಅಂತ ಕೊಂಚ ಎಳೆದುಕೊಂಡು ಶಬ್ದ ಬರುತ್ತದೆ. ಆಮೇಲೆ ವೈರಿನ ತುಂಡಿನಿಂದ ಪ್ಲಸ್ ಮೈನಸ್ ಎರಡನ್ನೂ ಸೇರಿಸಿ ಮತ್ತೆ ಅದೇ ಜಾಗದಲ್ಲಿ, ಅಷ್ಟೇ ಬಲದಲ್ಲಿ ತಟ್ಟಿ. ಈ ಸಲ "ಟಪ್" ಅಂತ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಮ್ಯಾಗ್ನೆಟ್ ಇರುವ ವೂಫರಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಕೋನನ್ನು ಬೆರಳಿನಿಂದ ಒಳಗೆ ಒತ್ತಿದರೂ ಏನೋ ತಡೆಯುತ್ತಿರುವ ಹಾಗೆ ಅನ್ನಿಸುತ್ತದೆ. ಮ್ಯಾಗ್ನೆಟ್ ಚಿಕ್ಕದಿರುವ ಅಗ್ಗದ ವೂಫರಿನಲ್ಲಿ ವ್ಯತ್ಯಾಸ ಕಡಿಮೆ.

ಮೂರನೆಯದಾಗಿ ಶಾರ್ಟ್ ವೈರ್ ತೆಗೆದು ಆ ಜಾಗದಲ್ಲಿ 8.2 ಓಮ್ ರೆಸಿಸ್ಟರ್ ಹಿಡಿದು ತಟ್ಟಿ. ಶಬ್ದ ಎರಡರ ನಡುವೆ ಎಲ್ಲೋ ಇರುತ್ತದೆ. ಕೊನೆಗೆ ಐದು ಮೀಟರ್ ಉದ್ದದ ಸ್ಪೀಕರ್ ಕೇಬಲ್ ತೆಗೆದುಕೊಂಡು, ಅದರ ಆ ತುದಿಯ ಎರಡು ಎಳೆಗಳನ್ನು ಒಟ್ಟಿಗೆ ತಿರುಚಿ, ಈ ತುದಿಯನ್ನು ವೂಫರಿಗೆ ಸೇರಿಸಿ ತಟ್ಟಿ. ತುಂಡು ವೈರಿನಿಂದ ಶಾರ್ಟ್ ಮಾಡಿದಾಗ ಬಂದ ಶಬ್ದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಕೇಳಿಸಿತಾ? ಕೇಳಿಸುವುದಿಲ್ಲ. ಆ ಕೇಬಲ್ ಮಧ್ಯೆ ಸೇರಿಸಿದ ರೋಧ 0.1 ಓಮ್‌ನ ಆಸುಪಾಸು. ಡ್ಯಾಂಪಿಂಗ್ ಫ್ಯಾಕ್ಟರ್ ಲೆಕ್ಕದಲ್ಲಿ ಹೇಳಿದರೆ ಅನಂತದಿಂದ ನೇರ 80ರ ಹತ್ತಿರಕ್ಕೆ ಇಳಿದ ಹಾಗೆ, ಆದರೆ ಕೋನ್ ಮಾತ್ರ ಒಂದೇ ಥರ ನಿಂತಿತು.

ಒಳಗೆ ನಡೆಯುವುದು ಏನು

ಕೋನ್ ಅಲುಗಿದಾಗ ಅದಕ್ಕೆ ಅಂಟಿರುವ ವಾಯ್ಸ್ ಕಾಯಿಲ್ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಅಲುಗುತ್ತದೆ. ಕಾಂತಕ್ಷೇತ್ರದಲ್ಲಿ ತಂತಿ ಅಲುಗಿದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಸರ್ಕ್ಯೂಟ್ ಪೂರ್ತಿಯಾಗಿದ್ದರೆ ಕರೆಂಟ್ ಹರಿಯುತ್ತದೆ, ಆ ಕರೆಂಟ್ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಪಿಯುಸಿಯಲ್ಲಿ ಓದಿದ ಲೆಂಜ್ ನಿಯಮ ಇದೇ. ಆಂಪ್ ಕೋನನ್ನು ಹಿಡಿದು ನಿಲ್ಲಿಸುತ್ತದೆ ಅನ್ನುವುದಕ್ಕಿಂತ, ಕೋನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳಲು ಆಂಪ್ ದಾರಿ ಬಿಟ್ಟುಕೊಡುತ್ತದೆ ಅನ್ನುವುದು ಸರಿ.

ಆ ದಾರಿಯಲ್ಲಿ ಎಷ್ಟು ರೋಧ ಇದೆ ಅನ್ನುವುದರ ಮೇಲೆ ಬ್ರೇಕ್ ಎಷ್ಟು ಬಲವಾಗಿ ಬೀಳುತ್ತದೆ ಅನ್ನುವುದು ನಿಂತಿದೆ. ವೂಫರಿನಿಂದ ಹೊರಟ ಕರೆಂಟ್ ಕೇಬಲಿನ ಒಂದು ಎಳೆಯಲ್ಲಿ ಹೋಗಿ, ಆಂಪ್‌ನ ಔಟ್‌ಪುಟ್ ದಾಟಿ, ಇನ್ನೊಂದು ಎಳೆಯಲ್ಲಿ ವಾಪಸ್ ಬರಬೇಕು. ಆಂಪ್ ಒಳಗೆ ಅದಕ್ಕೆ ಎದುರಾಗುವ ರೋಧವೇ ಔಟ್‌ಪುಟ್ ಇಂಪೀಡೆನ್ಸ್. ಸ್ಪೀಕರಿನ ಇಂಪೀಡೆನ್ಸನ್ನು ಇದರಿಂದ ಭಾಗಿಸಿದರೆ ಡ್ಯಾಂಪಿಂಗ್ ಫ್ಯಾಕ್ಟರ್ ಬರುತ್ತದೆ. 8 ಓಮ್ ಸ್ಪೀಕರ್, 0.04 ಓಮ್ ಔಟ್‌ಪುಟ್ ಇಂಪೀಡೆನ್ಸ್, ಅಂದರೆ 200. ಅದೇ ಆಂಪ್‌ಗೆ 4 ಓಮ್ ಸ್ಪೀಕರ್ ಹಾಕಿದರೆ 100.

ಆದರೆ ಈ ಲೆಕ್ಕ ವಾಯ್ಸ್ ಕಾಯಿಲಿನ ಸ್ವಂತ ರೋಧವನ್ನು ಬಿಟ್ಟುಬಿಡುತ್ತದೆ. ಕಾಯಿಲ್ ಅಂದರೆ ಮೀಟರುಗಟ್ಟಲೆ ತೆಳು ತಾಮ್ರದ ತಂತಿ. ಮಲ್ಟಿಮೀಟರನ್ನು 200 ಓಮ್ ರೇಂಜಿಗೆ ತಿರುಗಿಸಿ, ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಸಾಮಾನ್ಯವಾಗಿ 0.2ರಿಂದ 0.5. ಆಮೇಲೆ ವೂಫರ್ ಅಳೆದು ಅದನ್ನು ಕಳೆಯಿರಿ. 8 ಓಮ್ ಅಂತ ಬರೆದಿರುವ ವೂಫರ್ 5.5ರಿಂದ 6.5 ತೋರಿಸುತ್ತದೆ, 4 ಓಮ್‌ನದು 3ರಿಂದ 3.7. ಡೇಟಾಶೀಟಿನಲ್ಲಿ ಇದನ್ನು `Re` ಅಂತ ಬರೆಯುತ್ತಾರೆ. ನಮ್ಮ ಉದಾಹರಣೆಗೆ 5.6 ಇಟ್ಟುಕೊಳ್ಳೋಣ.

ಬ್ರೇಕಿನ ಕರೆಂಟ್ ದಾಟಬೇಕಾದ ಒಟ್ಟು ರೋಧ ಎಷ್ಟು ನೋಡಿ. ಕಾಯಿಲ್ 5.6, ಕೇಬಲ್ ಸುಮಾರು 0.13, ಆಂಪ್ 0.04. ಒಟ್ಟು 5.77. ಈಗ 0.04ರ ಆಂಪ್ ತೆಗೆದು ಡ್ಯಾಂಪಿಂಗ್ ಫ್ಯಾಕ್ಟರ್ 1000 ಇರುವ 0.008ರ ಆಂಪ್ ತನ್ನಿ. ಒಟ್ಟು 5.74. ಸ್ಪೀಕರಿನ 8 ಓಮನ್ನು ಈ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ನಿಜವಾದ ಡ್ಯಾಂಪಿಂಗ್ ಫ್ಯಾಕ್ಟರ್ ಎರಡರಲ್ಲೂ 1.39. ಆಂಪ್ ಮತ್ತು ಕೇಬಲ್ ಎರಡರ ರೋಧವೂ ಸೊನ್ನೆ ಆದರೂ ಅದು 1.43 ದಾಟುವುದಿಲ್ಲ. ಡಬ್ಬದ ಮೇಲೆ 200 ಇದ್ದದ್ದು 1000 ಆದರೂ ವೂಫರಿನ ಹತ್ತಿರ ಬಂದಾಗ ಇಷ್ಟೇ.

ಲೆಕ್ಕ ಹಾಕಿ ನೋಡೋಣ

ವೂಫರಿನ ಕೋನ್ ಎಷ್ಟು ಹಿಡಿತದಲ್ಲಿದೆ ಅನ್ನುವುದನ್ನು ಒಂದು ಸಂಖ್ಯೆಯಲ್ಲಿ ಹೇಳಲು ಬರುತ್ತದೆ. ಮುಚ್ಚಿದ ಡಬ್ಬದಲ್ಲಿ ಕೂತ ವೂಫರಿಗೆ ಆ ಸಂಖ್ಯೆ `Qtc`. ಅದು 0.7 ಇದ್ದರೆ ಬೇಸ್ ಸಪಾಟಾಗಿ ಇಳಿಯುತ್ತದೆ, ಅದಕ್ಕಿಂತ ಮೇಲೆ ಹೋದಷ್ಟೂ ಒಂದು ಉಬ್ಬು ಏಳುತ್ತದೆ, 1 ದಾಟಿದರೆ ಹೊಡೆತ ನಿಂತ ಮೇಲೂ ಕೋನ್ ಓಲಾಡುವುದು ಎದ್ದು ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ 1961ರಲ್ಲಿ ನೆವಿಲ್ ಥೀಲ್, ನಂತರ 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಮಾಡಿದ ಕೆಲಸದಿಂದ ಈ ಲೆಕ್ಕಗಳೆಲ್ಲ ಬಂದವು, ಡೇಟಾಶೀಟಿನ ಸಂಖ್ಯೆಗಳನ್ನು ಇಂದಿಗೂ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತಲೇ ಕರೆಯುತ್ತಾರೆ.

ನಮಗೆ ಬೇಕಾದದ್ದು ಇಷ್ಟು:

```
Qes2 = Qes x (Re + R) / Re
Qts2 = Qms x Qes2 / (Qms + Qes2)
Qtc  = Qts2 x sqrt(Vas/Vb + 1)
```

ಇಲ್ಲಿ `R` ಅಂದರೆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಕೇಬಲ್, ಮಧ್ಯೆ ಇರುವ ಬೇರೆ ಎಲ್ಲ ರೋಧ ಸೇರಿದ ಮೊತ್ತ. `Qes` ಅನ್ನುವುದು ಕಾಯಿಲ್ ಮತ್ತು ಮ್ಯಾಗ್ನೆಟ್ ಒಟ್ಟಾಗಿ ಕೊಡುವ ಬ್ರೇಕಿನ ಲೆಕ್ಕ, ಚಿಕ್ಕದಿದ್ದಷ್ಟೂ ಬ್ರೇಕ್ ಗಟ್ಟಿ. `Qms` ಅನ್ನುವುದು ಸಸ್ಪೆನ್ಷನ್ನಿನ ಬಟ್ಟೆ, ರಬ್ಬರ್ ಇತ್ಯಾದಿಗಳ ಪಾಲು. ಅದಕ್ಕೂ ಆಂಪ್‌ಗೂ ಸಂಬಂಧ ಇಲ್ಲ. `Vb` ಅಂದರೆ ಡಬ್ಬದ ಒಳಗಿನ ಗಾತ್ರ, `Vas` ಅಂದರೆ ಸಸ್ಪೆನ್ಷನ್ನಿನಷ್ಟೇ ಮೆತ್ತಗೆ ಒತ್ತಿಸಿಕೊಳ್ಳುವ ಗಾಳಿಯ ಗಾತ್ರ.

ಒಂದು ಎಂಟಿಂಚಿನ ವೂಫರ್ ತೆಗೆದುಕೊಳ್ಳೋಣ. ಸ್ವಂತ ರೆಸೊನೆನ್ಸ್ 30 ಹರ್ಟ್ಜ್, `Re` 5.6, `Qms` 4, `Qes` 0.45, `Vas` 60 ಲೀಟರ್. ಅದನ್ನು 28 ಲೀಟರಿನ ಮುಚ್ಚಿದ ಡಬ್ಬದಲ್ಲಿ ಕೂರಿಸಿದರೆ, ಹೊರಗಿನ ರೋಧ ಏನೂ ಇಲ್ಲದಾಗ `Qtc` 0.72, ಡಬ್ಬದೊಳಗೆ ರೆಸೊನೆನ್ಸ್ ಸುಮಾರು 53 ಹರ್ಟ್ಜ್. ಚೆನ್ನಾಗಿ ಹೊಂದಿದ ಡಬ್ಬ.

ಐದು ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಹೋಗಿ ಬರುವ ಎರಡೂ ಎಳೆ ಸೇರಿ 0.13 ಓಮ್. ಇದಕ್ಕೆ ಡ್ಯಾಂಪಿಂಗ್ ಫ್ಯಾಕ್ಟರ್ 1000ದ ಆಂಪ್ ಹಾಕಿದರೆ `Qtc` 0.73. 200ರದ್ದು ಹಾಕಿದರೆ 0.74. ಬರೀ 20ರದ್ದು, ಅಂದರೆ 0.4 ಓಮ್‌ನದ್ದು ಹಾಕಿದರೂ 0.78. ಒಂದು ಸಾವಿರದಿಂದ ಇಪ್ಪತ್ತಕ್ಕೆ ಇಳಿದರೂ 53 ಹರ್ಟ್ಜ್‌ನಲ್ಲಿ ಬರುವ ವ್ಯತ್ಯಾಸ ಅರ್ಧ ಡೆಸಿಬಲ್. ಕುರ್ಚಿಯನ್ನು ಒಂದಡಿ ಹಿಂದೆ ಸರಿಸಿದರೆ ಇದಕ್ಕಿಂತ ಜಾಸ್ತಿ ಬದಲಾಗುತ್ತದೆ.

ಈಗ ಫೀಡ್‌ಬ್ಯಾಕ್ ಇಲ್ಲದ ವಾಲ್ವ್ ಆಂಪ್ ತನ್ನಿ. ಇವುಗಳಲ್ಲಿ ಡ್ಯಾಂಪಿಂಗ್ ಫ್ಯಾಕ್ಟರ್ 2 ಅನ್ನುವುದು ಅಪರೂಪ ಏನಲ್ಲ, ಅಂದರೆ ಔಟ್‌ಪುಟ್ ಇಂಪೀಡೆನ್ಸ್ 4 ಓಮ್. ಅದೇ ವೂಫರ್, ಅದೇ ಡಬ್ಬ, ಅದೇ ಕೇಬಲ್. `Qtc` ನೇರ 1.16ಕ್ಕೆ ಏರುತ್ತದೆ. 53 ಹರ್ಟ್ಜ್ ಸುತ್ತ ಬೇಸ್ ಮೊದಲಿಗಿಂತ ಸುಮಾರು 4 ಡೆಸಿಬಲ್ ಎದ್ದು ನಿಲ್ಲುತ್ತದೆ, ಇದನ್ನು ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಡೊಳ್ಳಿನ ಒಂದೊಂದು ಪೆಟ್ಟಿಗೂ ಬಾಲ ಬೆಳೆದ ಹಾಗೆ ಇರುತ್ತದೆ.

ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ನೋಡಿದರೆ ನನಗೆ ಹೆಚ್ಚು ಸ್ಪಷ್ಟ ಅನ್ನಿಸುತ್ತದೆ. ವೂಫರಿನ ಇಂಪೀಡೆನ್ಸ್ ಎಲ್ಲ ಕಡೆ 8 ಓಮ್ ಇರುವುದಿಲ್ಲ. ಈ ವೂಫರಿಗೆ ರೆಸೊನೆನ್ಸಿನಲ್ಲಿ ಅದು 55 ಓಮ್ ತನಕ ಏರುತ್ತದೆ, 150-200 ಹರ್ಟ್ಜ್ ಹತ್ತಿರ ಮತ್ತೆ 6ಕ್ಕೆ ಇಳಿಯುತ್ತದೆ. ಮಧ್ಯೆ 4 ಓಮ್ ರೋಧ ಇದ್ದರೆ, 55 ಓಮ್ ಇರುವಲ್ಲಿ ವೋಲ್ಟೇಜಿನ ಶೇ 93 ಭಾಗ ವೂಫರಿಗೆ ಸಿಗುತ್ತದೆ, 6 ಓಮ್ ಇರುವಲ್ಲಿ ಶೇ 60 ಮಾತ್ರ. ಈ ಎರಡರ ನಡುವಿನ ಅಂತರ ಲೆಕ್ಕ ಹಾಕಿ, ಅದೇ ಸುಮಾರು 4 ಡೆಸಿಬಲ್ ಬರುತ್ತದೆ. ಸಡಿಲ ಬೇಸ್ ಅಂತ ನಾವು ಕರೆಯುವುದು ಬಹುಪಾಲು ಈ ಉಬ್ಬೇ.

ವಾಲ್ವ್ ಆಂಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. `Qes` 0.2 ಸುತ್ತಮುತ್ತ ಇರುವ, ದೊಡ್ಡ ಮ್ಯಾಗ್ನೆಟ್ಟಿನ ಡ್ರೈವರುಗಳು ಇವೆ. ಅವನ್ನು ಅತಿ ಕಡಿಮೆ ಇಂಪೀಡೆನ್ಸಿನ ಆಂಪ್‌ಗೆ ಹಾಕಿದರೆ ಬೇಸ್ ಬಡಕಲಾಗುತ್ತದೆ, ವಾಲ್ವ್ ಆಂಪ್‌ಗೆ ಹಾಕಿದರೆ ಸರಿಹೋಗುತ್ತದೆ. ಡಬ್ಬ ಮಾಡುವ ಮೊದಲೇ ಆಂಪ್ ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ನಿಮ್ಮ ಆಂಪ್ ಅಳೆಯುವ ಬಗೆ

ಡಬ್ಬದ ಮೇಲಿನ ಸಂಖ್ಯೆಯನ್ನು ಯಾವ ಫ್ರೀಕ್ವೆನ್ಸಿಯಲ್ಲಿ, ಎಲ್ಲಿ ಅಳೆದರು ಅನ್ನುವುದು ಬಹಳ ಸಲ ಬರೆದಿರುವುದಿಲ್ಲ. ಹಾಗಾಗಿ ಟರ್ಮಿನಲ್‌ನಲ್ಲಿ ನೀವೇ ಅಳೆಯುವುದು ಒಳ್ಳೆಯದು.

ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 70 ಹರ್ಟ್ಜ್ ಸೈನ್ ಟೋನ್ ಇಡಿ. 50 ಅಥವಾ 100 ಬೇಡ, ಯಾಕೆಂದರೆ ನಮ್ಮ ಕರೆಂಟಿನ ಹಮ್ ಇರುವುದು ಅಲ್ಲೇ, ಅದು ರೀಡಿಂಗಿನಲ್ಲಿ ಸೇರಿಕೊಳ್ಳುತ್ತದೆ. ಮೊಬೈಲಿನ ಈಕ್ವಲೈಜರ್, ಆಂಪ್‌ನ ಬೇಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಆಂಪ್‌ನ ವಾಲ್ಯೂಮ್ ಸೊನ್ನೆಗೆ ಇಳಿಸಿ, ಸ್ಪೀಕರ್ ಬಿಚ್ಚಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪ್‌ನ ಟರ್ಮಿನಲ್‌ಗೇ ಇಡಿ. ಕೆಳಗಿನ ಎಸಿ ರೇಂಜೇ 200 ವೋಲ್ಟ್ ಆಗಿರುವ ಅಗ್ಗದ ಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ದಶಾಂಶದ ನಂತರ ಮೂರು ಅಂಕಿ ತೋರಿಸುವಂಥದ್ದು ಬೇಕು. ವಾಲ್ಯೂಮ್ ನಿಧಾನಕ್ಕೆ ಏರಿಸಿ 4.000 ವೋಲ್ಟ್‌ಗೆ ತನ್ನಿ.

ಇನ್ನು ವಾಲ್ಯೂಮ್ ಮುಟ್ಟಬೇಡಿ. ಆಂಪ್‌ನ ಅದೇ ಟರ್ಮಿನಲ್‌ಗಳಿಗೆ 8.2 ಓಮ್ ರೆಸಿಸ್ಟರ್ ಸೇರಿಸಿ, ರೀಡಿಂಗ್ ನಿಂತ ತಕ್ಷಣ ಬರೆದುಕೊಂಡು ತೆಗೆದುಬಿಡಿ. ರೆಸಿಸ್ಟರಿಗೆ ಬೀಳುವುದು 2 ವಾಟ್ ಮಾತ್ರ, ಆದರೂ ಹಿಡಿದೇ ಇದ್ದರೆ ಬಿಸಿ ತಾಗುತ್ತದೆ. ಮೀಟರಿನ ಪ್ರೋಬ್ ಆಂಪ್‌ನ ಟರ್ಮಿನಲ್ ಲೋಹಕ್ಕೇ ತಾಗಿರಬೇಕು. ರೆಸಿಸ್ಟರಿನ ಕಾಲಿಗೆ ಇಟ್ಟರೆ ಮಧ್ಯದ ಸಡಿಲ ಜೋಡಣೆಯನ್ನೂ ಆಂಪ್‌ನ ಲೆಕ್ಕಕ್ಕೆ ಬರೆದ ಹಾಗಾಗುತ್ತದೆ.

```
Zo = R x (V0 - V1) / V1
```

ಲೋಡ್ ಇಲ್ಲದೆ 4.000, ಲೋಡ್ ಹಾಕಿದಾಗ 3.960 ಬಂತು ಅಂದುಕೊಳ್ಳಿ. 8.2 ಗುಣಿಸು 0.040, ಭಾಗಿಸು 3.960. ಉತ್ತರ 0.083 ಓಮ್. 8 ಓಮ್ ಲೆಕ್ಕಕ್ಕೆ ಡ್ಯಾಂಪಿಂಗ್ ಫ್ಯಾಕ್ಟರ್ 97ರ ಹತ್ತಿರ. ಡಬ್ಬದ ಮೇಲೆ 200 ಅಂತ ಇದ್ದರೆ ಬೇಜಾರಾಗಬೇಡಿ. ಸರ್ಕ್ಯೂಟ್ ಬೋರ್ಡಿನಿಂದ ಹಿಂಬದಿಯ ಟರ್ಮಿನಲ್ ತನಕ ಬರುವ ವೈರ್, ಸ್ಪೀಕರ್ ರಿಲೇ, ಸ್ವಿಚ್ಚು ಎಲ್ಲದರ ರೋಧ ಸೇರಿ ಹೀಗೆ ಆಗಬಹುದು. ನಮ್ಮ ವೂಫರಿಗೆ 97 ಆದರೂ `Qtc` 0.74, 200 ಆದರೂ 0.74. ಎರಡು ಮೂರು ಮಿಲಿವೋಲ್ಟ್ ಮಾತ್ರ ಇಳಿದರೆ ನಿಖರವಾದ ಸಂಖ್ಯೆ ಈ ಮೀಟರಿನಿಂದ ಸಿಗುವುದಿಲ್ಲ, ಆದರೆ ಆಗ ಅದು ಬೇಕಾಗಿಯೂ ಇಲ್ಲ.

ಒಂದು ಹಳೆಯ ಆಂಪ್‌ನಲ್ಲಿ ಒಂದು ಚಾನೆಲ್ 0.08, ಇನ್ನೊಂದು 0.5 ಬಂದರೆ, ಅಥವಾ ಅಳೆದಾಗಲೆಲ್ಲ ಬೇರೆ ಬೇರೆ ಬಂದರೆ, ಮೊದಲು ಅನುಮಾನ ಪಡಬೇಕಾದದ್ದು ರಿಲೇಯ ಸವೆದ ಕಾಂಟ್ಯಾಕ್ಟ್ ಮತ್ತು ಎ/ಬಿ ಸ್ಪೀಕರ್ ಸ್ವಿಚ್. ರಿಲೇ ಬದಲಿಸಿದರೆ ಸರಿಹೋಗುವ ಕೆಲಸಕ್ಕೆ ಹೊಸ ಆಂಪ್ ಕೊಳ್ಳಬೇಕಿಲ್ಲ.

ಎರಡು ಎಚ್ಚರಿಕೆ. ವಾಲ್ವ್ ಆಂಪನ್ನು ಲೋಡ್ ಇಲ್ಲದೆ ಟೋನ್ ಹಾಕಿ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಡಬಹುದು. ಅದಕ್ಕೆ ಮೊದಲು ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಸೇರಿಸಿ 16.4 ಓಮ್‌ಗೆ ಒಂದು ರೀಡಿಂಗ್ ತೆಗೆಯಿರಿ, ಆಂಪ್ ಆಫ್ ಮಾಡಿ 8.2ಕ್ಕೆ ಬದಲಿಸಿ ಇನ್ನೊಂದು ತೆಗೆಯಿರಿ, ವಾಲ್ಯೂಮ್ ಹಾಗೇ ಇರಲಿ. ಕೆಳಗಿನ ಸೂತ್ರದಲ್ಲಿ `V1` ಅಂದರೆ 8.2 ಓಮ್‌ನ ರೀಡಿಂಗ್, `V2` ಅಂದರೆ 16.4ರದ್ದು.

```
Zo = (V2 - V1) / (V1/8.2 - V2/16.4)
```

4.00 ಮತ್ತು 4.78 ಬಂದರೆ ಉತ್ತರ ಸುಮಾರು 4 ಓಮ್. ಇನ್ನೊಂದು ಎಚ್ಚರಿಕೆ ಕ್ಲಾಸ್ ಡಿ ಬೋರ್ಡುಗಳ ಬಗ್ಗೆ. ಅವುಗಳಲ್ಲಿ ಬಹಳಷ್ಟರಲ್ಲಿ ಸ್ಪೀಕರಿನ ಮೈನಸ್ ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ, ಎರಡೂ ಕಡೆ ಸಿಗ್ನಲ್ ಇರುತ್ತದೆ. ಬ್ಯಾಟರಿ ಮೀಟರಿನಿಂದ ತೊಂದರೆ ಇಲ್ಲ, ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಮಾತ್ರ ಅಲ್ಲಿ ಸಿಕ್ಕಿಸಬೇಡಿ.

ಆಮೇಲೆ ಕೇಬಲ್

ಆಂಪ್‌ನ ಇಂಪೀಡೆನ್ಸ್ ಗೊತ್ತಾಯಿತಲ್ಲ, ಈಗ ರೆಸಿಸ್ಟರನ್ನು ಕೇಬಲಿನ ಆ ತುದಿಗೆ, ಸ್ಪೀಕರ್ ಇರುವ ಜಾಗಕ್ಕೆ ಒಯ್ಯಿರಿ. ಅದೇ ಟೋನ್ ಇಟ್ಟು ಆಂಪ್ ಟರ್ಮಿನಲ್‌ನಲ್ಲಿ ಒಮ್ಮೆ, ರೆಸಿಸ್ಟರಿನ ಮೇಲೆ ಒಮ್ಮೆ ಅಳೆಯಿರಿ. ಆಂಪ್ ಹತ್ತಿರ 4.00, ಆ ತುದಿಯಲ್ಲಿ 3.80 ಬಂದರೆ ಮಧ್ಯೆ 0.43 ಓಮ್ ಕೂತಿದೆ. ಮೇಲೆ ಅಳೆದ ಆಂಪ್‌ಗಿಂತ ಇದು ಐದು ಪಟ್ಟು ಜಾಸ್ತಿ.

ಕೇಬಲ್ ಎಷ್ಟು ಇರಬೇಕಿತ್ತು ಅಂತ ಲೆಕ್ಕ ಹಾಕುವುದು ಸುಲಭ. ಎಳೆಎಳೆಯಾಗಿರುವ ತಾಮ್ರದ ವೈರಿನಲ್ಲಿ 1.5 ಸ್ಕ್ವೇರ್ ಎಂಎಂಗೆ ಕಿಲೋಮೀಟರಿಗೆ 13.3 ಓಮ್, 2.5ಕ್ಕೆ ಸುಮಾರು 8, 0.5ಕ್ಕೆ 39. ಉದ್ದವನ್ನು ಎರಡರಿಂದ ಗುಣಿಸುವುದು ಮರೆಯಬೇಡಿ. ಐದು ಮೀಟರ್ ದೂರಕ್ಕೆ 0.5ರ ವೈರ್ ಹಾಕಿದರೆ 0.39 ಓಮ್, ಹಾಗಾಗಿ ಮೇಲಿನ 0.43 ಸಹಜವೇ. ಆದರೆ 1.5 ಅಂತ ಹೇಳಿ ಕೊಟ್ಟ ವೈರ್ 0.2 ತೋರಿಸಿದರೆ ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರ ಹೊದಿಸಿದ ಅಲ್ಯೂಮಿನಿಯಂ, ರೋಧ ಶುದ್ಧ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತವರ ಲೇಪಿಸಿದ ತಾಮ್ರ, ಅದು ಒಳ್ಳೆಯದೇ. ವೈರ್ ಸರಿ ಇದ್ದೂ ಸಂಖ್ಯೆ ದೊಡ್ಡದಿದ್ದರೆ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ಕಪ್ಪಾದ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಹಾಕಿ ಮತ್ತೆ ಅಳೆಯಿರಿ.

ಪ್ಯಾಸಿವ್ ಕ್ರಾಸ್‌ಓವರ್ ಇದ್ದರೆ ವೂಫರಿಗೆ ಹೋಗುವ ಕಾಯಿಲಿನ ರೋಧವನ್ನೂ ಸೇರಿಸಬೇಕು. ತೆಳು ತಂತಿಯ ಕಾಯಿಲಿನಲ್ಲಿ 0.4 ಓಮ್ ಇರುವುದು ಮಾಮೂಲು. ನಮ್ಮ ಉದಾಹರಣೆಗೆ ಇದನ್ನು ಸೇರಿಸಿದರೆ `Qtc` 0.74ರಿಂದ 0.78ಕ್ಕೆ ಹೋಗುತ್ತದೆ, ಅಂದರೆ ಆಂಪ್‌ನ ಡ್ಯಾಂಪಿಂಗ್ ಫ್ಯಾಕ್ಟರ್ 20ಕ್ಕೆ ಇಳಿದಾಗ ಆದದ್ದೇ ಇಲ್ಲೂ ಆಯಿತು. 1000ದ ಆಂಪ್ ಹುಡುಕುತ್ತಿರುವವರು ಈ ಕಾಯಿಲಿನ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ನಾನು ಇಟ್ಟುಕೊಂಡಿರುವ ಮಿತಿ ಇದು. ವಾಯ್ಸ್ ಕಾಯಿಲಿನ ಆಚೆಗಿರುವ ಎಲ್ಲ ರೋಧ ಸೇರಿ 8 ಓಮ್ ಸ್ಪೀಕರಿಗೆ 0.4 ಓಮ್, 4 ಓಮ್‌ಗೆ 0.2 ಓಮ್ ಒಳಗೆ ಇರಲಿ. ಎರಡು 4 ಓಮ್ ವೂಫರುಗಳನ್ನು ಪ್ಯಾರಲಲ್ ಮಾಡಿ 2 ಓಮ್ ಆಗಿಸಿದ್ದರೆ, ಕಾರಿನಲ್ಲಿ ಹೀಗೆ ಮಾಡುವುದು ಜಾಸ್ತಿ, 0.1ರ ಒಳಗೆ. ಮಿತಿ ದಾಟಿದರೆ ಎಷ್ಟು ಕೆಡುತ್ತದೆ ಅಂದರೆ, `Re` 3.4 ಇರುವ 4 ಓಮ್ ವೂಫರಿಗೆ, ಉಳಿದ ಸಂಖ್ಯೆಗಳು ನಮ್ಮ ವೂಫರಿನವೇ ಇರಲಿ, ಗೋಡೆಯೊಳಗಿಂದ ಹತ್ತು ಮೀಟರ್ 0.5ರ ವೈರ್ ಎಳೆದರೆ 0.78 ಓಮ್ ಆಗಿ `Qtc` 0.72ರಿಂದ 0.86ಕ್ಕೆ ಏರುತ್ತದೆ. 53 ಹರ್ಟ್ಜ್ ಸುತ್ತ ಮೊದಲಿಗಿಂತ ಒಂದೂವರೆ ಡೆಸಿಬಲ್ ಏರಿಕೆ, ಜೊತೆಗೆ ಉಳಿದ ಕಡೆ ಶಬ್ದವೂ ಇಳಿಯುತ್ತದೆ. ಮನೆ ಕಟ್ಟಿಸುವಾಗ ಪೈಪಿನಲ್ಲಿ 2.5ರ ವೈರ್ ಎಳೆಸಿಬಿಟ್ಟರೆ ಈ ತಲೆನೋವು ಇಲ್ಲ.

ಡ್ಯಾಂಪಿಂಗ್ ಕೈಗೆ ಸಿಗದ ಜಾಗಗಳು

ಬೇಸ್ ಗುಂಯ್ ಅನ್ನುತ್ತಿದೆ ಅಂದ ತಕ್ಷಣ ಆಂಪ್ ಮೇಲೆ ಅನುಮಾನ ಪಡುವ ಮೊದಲು ಕೋಣೆ ನೋಡಿ. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಜ್ ಸುತ್ತ ತಾನೇ ಗುನುಗುತ್ತದೆ, ಹತ್ತು ಅಡಿ ಅಗಲ ಇದ್ದರೆ 56ರ ಸುತ್ತ ಇನ್ನೊಂದು. ಈ ಉಬ್ಬುಗಳ ಮುಂದೆ ಮೇಲಿನ ಅರ್ಧ ಡೆಸಿಬಲ್ ಯಾವ ಲೆಕ್ಕಕ್ಕೂ ಇಲ್ಲ. ಗುರುತಿಸುವುದು ಹೀಗೆ: ಟೋನನ್ನು 40ರಿಂದ 80 ಹರ್ಟ್ಜ್ ತನಕ ನಿಧಾನಕ್ಕೆ ಏರಿಸಿ. ಒಂದೆರಡು ಕಡೆ ಮಾತ್ರ ಶಬ್ದ ಉಬ್ಬಿ, ನೀವು ಎದ್ದು ಬೇರೆ ಜಾಗಕ್ಕೆ ಹೋದಾಗ ಅದು ಬದಲಾದರೆ ತಪ್ಪು ಕೋಣೆಯದ್ದು. ಇನ್ನೂ ಖಚಿತ ಬೇಕಾದರೆ ಸ್ಪೀಕರನ್ನು ಟೆರೇಸಿಗೆ ಒಯ್ದು ಕೇಳಿ, ಅಲ್ಲಿ ಗೋಡೆಗಳ ಕಾಟ ಇಲ್ಲ. ಅಲ್ಲೂ ಗುಂಯ್ ಅಂದರೆ ಡಬ್ಬ ಅಥವಾ ರೋಧದ ಲೆಕ್ಕ ನೋಡಬೇಕು.

ಪೋರ್ಟ್ ಇರುವ ಡಬ್ಬದಲ್ಲಿ ಟ್ಯೂನಿಂಗ್ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನಿಗೆ ಹಿಂದಿನ ಗಾಳಿಯ ಆಸರೆ ತಪ್ಪುತ್ತದೆ, ಅದು ಪಟಪಟ ಅಂತ ಹೊರಗೆ ಒಳಗೆ ಬಡಿದಾಡುತ್ತದೆ. ಇದನ್ನು ಯಾವ ಡ್ಯಾಂಪಿಂಗ್ ಫ್ಯಾಕ್ಟರ್ ಕೂಡ ತಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಆಂಪ್‌ಗೆ ಮೊದಲು ಒಂದು ಸಬ್‌ಸಾನಿಕ್ ಫಿಲ್ಟರ್.

ಇನ್ನೊಂದು ಬಿಸಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. ಜೋರಾಗಿ ಹಾಡಿಸಿ ವಾಯ್ಸ್ ಕಾಯಿಲ್ 100 ಡಿಗ್ರಿ ಜಾಸ್ತಿ ಬಿಸಿಯಾದರೆ 5.6 ಓಮ್ ಹೋಗಿ 7.8 ಆಗುತ್ತದೆ. ನಮ್ಮ ವೂಫರಿನ `Qtc` 0.74ರಿಂದ 0.98ಕ್ಕೆ ಬರುತ್ತದೆ, ಅದೂ ಡ್ಯಾಂಪಿಂಗ್ ಫ್ಯಾಕ್ಟರ್ 200 ಇರುವ ಆಂಪ್‌ನಲ್ಲೇ. ಮೊದಲ ಎರಡು ಹಾಡು ಬಿಗಿಯಾಗಿದ್ದ ಬೇಸ್ ಆಮೇಲೆ ಮೆತ್ತಗಾದರೆ ಮೊದಲು ನೋಡಬೇಕಾದದ್ದು ಇದನ್ನು. ಇದಕ್ಕೆ ಪರಿಹಾರ ದೊಡ್ಡ ಕಾಯಿಲಿನ ವೂಫರ್, ಅಥವಾ ಎರಡು ವೂಫರುಗಳಿಗೆ ಕೆಲಸ ಹಂಚುವುದು.

ಸೌಂಡ್ ಸರ್ವಿಸ್ ನಡೆಸುವವರಿಗೆ ಒಂದು ಮಾತು. ಮದುವೆ ಮಂಟಪದಲ್ಲಿ ಆಂಪ್ ರ‍್ಯಾಕ್ ಒಂದು ಮೂಲೆಯಲ್ಲಿಟ್ಟು ಅಲ್ಲಿಂದ ಮೂವತ್ತು ಮೀಟರ್ 2.5ರ ಕೇಬಲ್ ಎಳೆದು 4 ಓಮ್ ಸಬ್ ಓಡಿಸಿದರೆ, ಕೇಬಲ್ ಒಂದೇ 0.48 ಓಮ್. ಆಂಪ್ ಎಷ್ಟೇ ಒಳ್ಳೆಯದಿರಲಿ, ಸಬ್ ಹತ್ತಿರ ಡ್ಯಾಂಪಿಂಗ್ ಫ್ಯಾಕ್ಟರ್ 8ರ ಆಸುಪಾಸು ದಾಟುವುದಿಲ್ಲ, ಪವರ್ ಕೂಡ ವೈರಿನಲ್ಲೇ ಹತ್ತರಲ್ಲಿ ಒಂದು ಪಾಲಿನಷ್ಟು ಬಿಸಿಯಾಗಿ ಹೋಗುತ್ತದೆ. ರ‍್ಯಾಕನ್ನೇ ಸಬ್ ಪಕ್ಕಕ್ಕೆ ಸರಿಸಿ, ಮಿಕ್ಸರಿನಿಂದ ಅಲ್ಲಿಗೆ ಬ್ಯಾಲೆನ್ಸ್ಡ್ ಸಿಗ್ನಲ್ ಕೇಬಲ್ ಎಳೆಯಿರಿ. ಆ ಮೂವತ್ತು ಮೀಟರ್ ಸಿಗ್ನಲ್ ಕೇಬಲಿನ ರೋಧಕ್ಕೂ ಕೋನಿನ ಹಿಡಿತಕ್ಕೂ ಏನೂ ಸಂಬಂಧ ಇರುವುದಿಲ್ಲ, ರ‍್ಯಾಕಿನಿಂದ ಸಬ್ಬಿಗೆ ಎರಡು ಮೀಟರ್ ಸ್ಪೀಕರ್ ಕೇಬಲ್ ಸಾಕಾಗುತ್ತದೆ.